ಬಿಸಿನೀರು, ಸೋಪು ಮತ್ತು ಕಣಕಾಲಿನ ನವೆ

ಅಮೆರಿಕದಲ್ಲೋ ಕೆನಡಾದಲ್ಲೋ ನೆಲೆಸಿದ ಕನ್ನಡಿಗರ ಮನೆಯ ಬಚ್ಚಲಿಗೆ ಹೋದರೆ ಕೆಲವೊಮ್ಮೆ ಟಬ್ಬಿನೊಳಗೆ ಒಂದು ಪ್ಲಾಸ್ಟಿಕ್ ಬಕೆಟ್ಟು, ಪಕ್ಕದಲ್ಲಿ ಒಂದು ಚೊಂಬು ಕಾಣುತ್ತದೆ. ನೆತ್ತಿಯ ಮೇಲೆ ಶವರ್ ಇದ್ದರೂ ಊರಿನಿಂದ ಬಂದ ಹಿರಿಯರಿಗೆ ತೋಡಿ ಹುಯ್ದುಕೊಳ್ಳದೆ ಸ್ನಾನ ಆದಂತೆ ಅನ್ನಿಸುವುದಿಲ್ಲ. ಮಕ್ಕಳು ಇದನ್ನು ನೋಡಿ ನಗುತ್ತಾರೆ. ಆದರೆ ಚಳಿಗಾಲದ ಮಟ್ಟಿಗೆ, ಚರ್ಮದ ಲೆಕ್ಕದಲ್ಲಿ, ಗೆಲ್ಲುವುದು ಬಕೆಟ್ಟೇ. ಇಪ್ಪತ್ತು ಲೀಟರಿನ ಬಕೆಟ್ಟು ಹತ್ತು ನಿಮಿಷದೊಳಗೆ ಖಾಲಿಯಾಗುತ್ತದೆ, ಅಷ್ಟರಲ್ಲಿ ನೀರಿನ ಬಿಸಿಯೂ ಇಳಿದಿರುತ್ತದೆ. ಶವರ್ ಖಾಲಿಯಾಗುವುದೇ ಇಲ್ಲ. ಅಮೆರಿಕದ ನಿಯಮದ ಪ್ರಕಾರ ಒಂದು ಶವರ್ ತಲೆ ನಿಮಿಷಕ್ಕೆ ಸುಮಾರು 9.5 ಲೀಟರ್‌ವರೆಗೆ ನೀರು ಬಿಡಬಹುದು. ಹೊರಗೆ ಹಿಮ ಬೀಳುವಾಗ ಅದರ ಕೆಳಗೆ ಇಪ್ಪತ್ತು ನಿಮಿಷ ಬೆನ್ನು ಕಾಯಿಸಿಕೊಂಡು ನಿಂತರೆ ಮೈಮೇಲೆ ಹರಿದದ್ದು ಒಂಬತ್ತು ಬಕೆಟ್ಟಿನಷ್ಟು ಬಿಸಿನೀರು. ಆ ರಾತ್ರಿ ಕಣಕಾಲು ನವೆಯಾಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಚಳಿ ದೇಶಕ್ಕೆ ಹೋದವರ ಒಣ ಚರ್ಮಕ್ಕೆ ಮದ್ದು ಎಂದರೆ ಒಳ್ಳೆಯ ಕ್ರೀಮು ಎಂದು ಹೆಚ್ಚಿನವರು ತಿಳಿದಿದ್ದಾರೆ. ಕ್ರೀಮು ಬೇಕು, ನಿಜ. ಆದರೆ ಕೆಡುವುದೂ ಸುಧಾರಿಸುವುದೂ ಬಹುಪಾಲು ಬಚ್ಚಲಿನಲ್ಲೇ, ಸ್ನಾನದ ಆ ಹತ್ತು ನಿಮಿಷ ಮತ್ತು ಆಮೇಲಿನ ಎರಡು ಮೂರು ನಿಮಿಷಗಳಲ್ಲಿ. ಸ್ನಾನದ ಕ್ರಮ ಹಾಗೇ ಇಟ್ಟುಕೊಂಡು ಕ್ರೀಮನ್ನು ಮಾತ್ರ ಬದಲಿಸುತ್ತ ಹೋದವರು ಏಪ್ರಿಲ್‌ವರೆಗೂ ಕೆರೆದುಕೊಳ್ಳುತ್ತಲೇ ಇರುತ್ತಾರೆ.

ಮೊದಲು ಗಾಳಿಯ ವಿಷಯ. ಮಂಗಳೂರಿನಂಥ ಊರಿನ 30 ಡಿಗ್ರಿಯ, ಶೇ 60ರಷ್ಟು ತೇವಾಂಶದ ಗಾಳಿಯನ್ನು ಒಂದು ಘನ ಮೀಟರ್ ತೆಗೆದುಕೊಂಡರೆ ಅದರಲ್ಲಿ ಸುಮಾರು 18 ಗ್ರಾಂ ನೀರಿನ ಆವಿ ಇರುತ್ತದೆ. ಚಿಕಾಗೋದಲ್ಲಿ ಜನವರಿಯ ಒಂದು ದಿನ ಹೊರಗೆ ಮೈನಸ್ 10 ಡಿಗ್ರಿ, ತೇವಾಂಶ ಶೇ 80 ಎಂದು ಫೋನು ತೋರಿಸುತ್ತದೆ. ಎಂಬತ್ತು ಎಂದರೆ ನಮ್ಮ ಮಳೆಗಾಲದ ಹಾಗೆ ಕೇಳಿಸುತ್ತದೆ, ಆದರೆ ಅಷ್ಟು ತಣ್ಣಗಿನ ಗಾಳಿ ನೀರನ್ನು ಹಿಡಿದಿಟ್ಟುಕೊಳ್ಳುವುದೇ ಅಲ್ಪ. ಆ ಒಂದು ಘನ ಮೀಟರಿನಲ್ಲಿ ಇರುವುದು ಎರಡು ಗ್ರಾಮಿಗಿಂತ ಕಡಿಮೆ. ಅದೇ ಗಾಳಿ ಮನೆಯೊಳಗೆ ಬಂದು ಹೀಟರಿನಲ್ಲಿ 22 ಡಿಗ್ರಿಗೆ ಕಾಯುತ್ತದೆ. ಕಾಯಿಸಿದರೆ ನೀರೇನೂ ಹೆಚ್ಚುವುದಿಲ್ಲ, ಹಿಡಿಯುವ ಶಕ್ತಿ ಮಾತ್ರ ಹೆಚ್ಚುತ್ತದೆ. 22 ಡಿಗ್ರಿಯ ಗಾಳಿ 19 ಗ್ರಾಮಿನಷ್ಟು ಹಿಡಿಯಬಲ್ಲದು. ಎರಡು ಗ್ರಾಂ ಇಟ್ಟುಕೊಂಡು ಹತ್ತೊಂಬತ್ತಕ್ಕೆ ಜಾಗ ಇರುವ ಈ ಗಾಳಿಯ ತೇವಾಂಶ ಶೇ 10ರ ಆಸುಪಾಸು. ಅಡುಗೆಯ ಹಬೆ, ಸ್ನಾನದ ಹಬೆ, ನಮ್ಮ ಉಸಿರು ಸೇರಿ ಅದು ಒಂದಿಷ್ಟು ಮೇಲಕ್ಕೆ ಏರುತ್ತದೆ. ಉಳಿದದ್ದನ್ನು ಗಾಳಿ ಸಿಕ್ಕಿದಲ್ಲಿಂದ ಎಳೆದುಕೊಳ್ಳುತ್ತದೆ. ಮರದ ಬಾಗಿಲು ಸಂದಿ ಬಿಡುತ್ತದೆ, ಮೂಗಿನೊಳಗೆ ಒಣಗಿ ರಕ್ತ ಕಾಣಿಸುತ್ತದೆ, ಸ್ವೆಟರ್ ತೆಗೆಯುವಾಗ ಚಟಪಟ ಕಿಡಿ ಹಾರುತ್ತದೆ. ಚರ್ಮವೂ ಈ ಸಾಲಿನಲ್ಲೇ ನಿಂತಿದೆ.

ಕಲಬುರಗಿ, ವಿಜಯಪುರದ ಕಡೆಯವರಿಗೆ ಚಳಿಗಾಲದಲ್ಲಿ ತುಟಿ ಒಡೆಯುವುದು, ಹಿಮ್ಮಡಿ ಬಿರಿಯುವುದು ಹೊಸದೇನಲ್ಲ. ಆದರೆ ಅಲ್ಲಿ ಕಿಟಕಿ ಬಾಗಿಲು ತೆರೆದಿರುತ್ತವೆ, ಗೋಡೆಯೊಳಗಿನಿಂದ ಹಗಲು ರಾತ್ರಿ ಕಾದ ಗಾಳಿ ಬೀಸುವುದಿಲ್ಲ. ಐದು ತಿಂಗಳು ಹೀಟರ್ ನಿಲ್ಲದ ಮನೆ ಬೇರೆಯೇ ಲೋಕ.

ಚರ್ಮದ ಅತ್ಯಂತ ಹೊರಗಿನ ಪದರ ಸತ್ತ ಕೋಶಗಳದ್ದು, ಕಾಗದಕ್ಕಿಂತ ತೆಳುವಾದದ್ದು. ಆ ಕೋಶಗಳ ನಡುವಿನ ಸಂದಿಯಲ್ಲಿ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳು ಎಂಬ ಮೂರು ಬಗೆಯ ಜಿಡ್ಡು ತುಂಬಿಕೊಂಡಿರುತ್ತದೆ. ದೇಹದೊಳಗಿನ ನೀರು ಹೊರಗೆ ಆವಿಯಾಗಿ ಹೋಗದಂತೆ ತಡೆಯುವುದು ಇದೇ ಜಿಡ್ಡು. ಕೋಶಗಳ ಒಳಗೂ ನೀರನ್ನು ಹಿಡಿದಿಡುವ ಕೆಲವು ಪದಾರ್ಥಗಳಿವೆ, ಅವು ನೀರಿನಲ್ಲಿ ಕರಗುವಂಥವು. ಹೆಚ್ಚು ಹೊತ್ತು ನೀರಿನಲ್ಲಿ ನೆನೆದರೆ ಅವು ತೊಳೆದುಹೋಗುತ್ತವೆ, ಸೋಪು ಮತ್ತು ಬಿಸಿನೀರು ಸೇರಿದರೆ ಸಂದಿಯ ಜಿಡ್ಡೂ ಹೋಗುತ್ತದೆ. ಸ್ನಾನ ಮುಗಿಸಿ ಬಂದಾಗ ಮೈ ನುಣುಪಾಗಿ, ಹಗುರಾಗಿ ಅನ್ನಿಸುತ್ತದೆ. ಅರ್ಧ ಗಂಟೆಯಲ್ಲಿ ಅದೇ ಚರ್ಮ ಬಿಗಿಯುತ್ತದೆ. ಆ ಬಿಗಿತವನ್ನು ಚೊಕ್ಕಟದ ಗುರುತು ಎಂದುಕೊಳ್ಳುವುದು ನಮ್ಮಲ್ಲಿ ರೂಢಿ. ಚಳಿ ದೇಶದಲ್ಲಿ ಅದು ಕಾವಲು ಹೋದದ್ದರ ಗುರುತು.

ಈ ಚಳಿಗಾಲದ ನವೆಗೆ ವೈದ್ಯಕೀಯದಲ್ಲಿ ಹೆಸರು ಸಿಕ್ಕಿ ನೂರೈವತ್ತು ವರ್ಷವೇ ಆಯಿತು. ಫಿಲಡೆಲ್ಫಿಯಾದ ಚರ್ಮವೈದ್ಯ ಲೂಯಿಸ್ ಡೂರಿಂಗ್ 1874ರಲ್ಲಿ ಇದನ್ನು ಬೇರೆಯದೇ ಒಂದು ತೊಂದರೆ ಎಂದು ಗುರುತಿಸಿ ಬರೆದ. ಹಾಗಾಗಿ ಇದು ಭಾರತೀಯರಿಗೆ ಮಾತ್ರ ಬರುವ ಕಾಯಿಲೆಯೇನಲ್ಲ. ಆದರೆ ನಮ್ಮ ಸ್ನಾನದ ಪದ್ಧತಿ ಅದನ್ನು ಹೆಚ್ಚು ಬೇಗ ಕರೆಯುತ್ತದೆ, ನಮ್ಮ ಚರ್ಮದ ಬಣ್ಣದಿಂದಾಗಿ ಅದು ಹೆಚ್ಚು ತಡವಾಗಿ ಪತ್ತೆಯಾಗುತ್ತದೆ.

ಒಂದು ಮನೆಯನ್ನು ಕಣ್ಣ ಮುಂದಿಟ್ಟುಕೊಂಡು ನೋಡೋಣ. ದಾವಣಗೆರೆಯ ಅರವತ್ತೇಳು ವರ್ಷದ ತಾಯಿ, ಚಿಕಾಗೋ ಹೊರವಲಯದಲ್ಲಿರುವ ಮಗಳ ಮನೆಗೆ ಆಗಸ್ಟಿನಲ್ಲಿ ಬಂದು ನೆಲೆಸಿದ್ದಾರೆ ಎಂದಿಟ್ಟುಕೊಳ್ಳಿ. ಊರಿನಲ್ಲಿ ಅವರದು ಬೆಳಿಗ್ಗೆ ಒಂದು ಸ್ನಾನ, ಪೂಜೆಗೆ ಮುಂಚೆ, ಮೈಯೆಲ್ಲ ಸೋಪು, ಹೀರೇಕಾಯಿ ನಾರಿನಿಂದ ತಿಕ್ಕಿ. ಸೂಟ್‌ಕೇಸಿನಲ್ಲಿ ಒಂದು ಡಜನ್ ಮೈಸೂರು ಸ್ಯಾಂಡಲ್ ಸೋಪೂ ಬಂದಿದೆ. ಸೆಪ್ಟೆಂಬರ್, ಅಕ್ಟೋಬರ್ ಏನೂ ತೊಂದರೆಯಿಲ್ಲ. ಅಕ್ಟೋಬರ್ ಕೊನೆಗೆ ಹೀಟರ್ ಶುರುವಾಗುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ದೀಪಾವಳಿ. ನೀರು ತುಂಬುವ ಹಬ್ಬ, ಎಣ್ಣೆ ಸ್ನಾನ, ಸುಡುಸುಡುವ ನೀರು. ಆಮೇಲೆ ಚಳಿಯೆಂದು ಸಂಜೆಗೂ ಒಂದು ಸ್ನಾನ ಸೇರಿಕೊಳ್ಳುತ್ತದೆ.

ಡಿಸೆಂಬರ್ ಹೊತ್ತಿಗೆ ಕಣಕಾಲಿನ ಮುಂಭಾಗ ಬೂದಿ ಬಣ್ಣಕ್ಕೆ ತಿರುಗುತ್ತದೆ. ನಾವು ಚಿಕ್ಕಂದಿನಲ್ಲಿ ಚಳಿಗಾಲ ಬಂದರೆ ಉಗುರಿನಿಂದ ಕಾಲಿನ ಮೇಲೆ ಹೆಸರು ಬರೆಯುತ್ತಿದ್ದೆವಲ್ಲ, ಅದು ನಿಜಕ್ಕೂ ಒಳ್ಳೆಯ ಪರೀಕ್ಷೆ. ಉಗುರು ಎಳೆದರೆ ಬಿಳಿ ಗೆರೆ ಉಳಿಯುತ್ತದೆ ಎಂದರೆ ಹೊರಪದರ ಒಣಗಿ ಏಳುತ್ತಿದೆ. ಈ ತಾಯಿಗೆ ಈಗ ಗೆರೆ ಎಳೆಯಬೇಕಾದ್ದೂ ಇಲ್ಲ, ಕಪ್ಪು ಸಾಕ್ಸ್ ತೆಗೆದರೆ ಒಳಗೆಲ್ಲ ಹೊಟ್ಟು. ರಾತ್ರಿ ರಜಾಯಿ ಹೊದ್ದು ಮೈ ಬೆಚ್ಚಗಾಗುತ್ತಿದ್ದಂತೆ ಕಾಲು, ಮುಂಗೈ, ಪಕ್ಕೆ ನವೆಯಾಗುತ್ತವೆ. ತಡೆಯಲಾರದೆ ಎದ್ದು ಬಚ್ಚಲಿಗೆ ಹೋಗಿ ಕಾಲಿನ ಮೇಲೆ ಬಿಸಿನೀರು ಬಿಟ್ಟುಕೊಳ್ಳುತ್ತಾರೆ. ಹಾಯ್ ಅನ್ನಿಸುತ್ತದೆ!

ಈ ಹಾಯ್ ಅನ್ನಿಸುವುದೇ ಎಲ್ಲಕ್ಕಿಂತ ದೊಡ್ಡ ಮೋಸ. ಸುಡುವ ನೀರು ನವೆಯ ಸಂದೇಶವನ್ನು ನರಗಳ ಮಟ್ಟದಲ್ಲಿ ಸ್ವಲ್ಪ ಹೊತ್ತು ಅಡಗಿಸುತ್ತದೆ, ಅಷ್ಟರಲ್ಲಿ ಉಳಿದಿದ್ದ ಜಿಡ್ಡನ್ನೂ ಕರಗಿಸಿ ಕಳಿಸುತ್ತದೆ. ಒಂದೆರಡು ಗಂಟೆಯಲ್ಲಿ ನವೆ ಮೊದಲಿಗಿಂತ ಜೋರಾಗಿ ಮರಳುತ್ತದೆ, ಮತ್ತೆ ಬಿಸಿನೀರು. ಯಾರಾದರೂ "ಬಿಸಿನೀರು ಬಿಟ್ಟುಕೊಂಡರೆ ಮಾತ್ರ ನನಗೆ ಸಮಾಧಾನ" ಎಂದರೆ ಅವರ ನವೆಗೆ ಅರ್ಧ ಕಾರಣ ಆ ಬಿಸಿನೀರೇ ಎಂದು ಧಾರಾಳವಾಗಿ ಊಹಿಸಬಹುದು.

ಮನೆಯಲ್ಲಿ ಪ್ರಯೋಗಗಳು ಶುರುವಾಗುತ್ತವೆ. ಮೊದಲು ಬಟ್ಟೆ ಒಗೆಯುವ ಪುಡಿಯ ಮೇಲೆ ಅನುಮಾನ, ಆಮೇಲೆ ಹಾಸಿಗೆಯಲ್ಲಿ ತಿಗಣೆ ಇರಬಹುದೆಂದು. ಅಲರ್ಜಿ ಮಾತ್ರೆ ನುಂಗಿದರೆ ಹೆಚ್ಚೇನೂ ಫಲವಿಲ್ಲ, ಏಕೆಂದರೆ ಬಾವು-ದದ್ದಿನ ಅಲರ್ಜಿಯಲ್ಲಿ ಕೆಲಸ ಮಾಡುವ ಹಿಸ್ಟಮೀನ್ ಇಲ್ಲಿ ಮುಖ್ಯ ಪಾತ್ರಧಾರಿಯಲ್ಲ. ನಿದ್ದೆ ಬರಿಸುವ ಹಳೆಯ ಬಗೆಯ ಮಾತ್ರೆಗಳು ಅಮೆರಿಕದ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುತ್ತವೆ. ವಯಸ್ಸಾದವರು ಅವನ್ನು ತೆಗೆದುಕೊಂಡು ರಾತ್ರಿ ಎದ್ದರೆ ತಲೆ ತೂಗಿ ಬೀಳುವ ಅಪಾಯವಿದೆ. ಕೊನೆಗೆ ಊರಿನಿಂದ ತಂದ ಟ್ಯೂಬ್ ಹೊರಗೆ ಬರುತ್ತದೆ. ನಮ್ಮ ಔಷಧದ ಅಂಗಡಿಗಳಲ್ಲಿ ಕೈಗೆ ಸಿಗುವ, ಬಲವಾದ ಸ್ಟೀರಾಯ್ಡ್, ಶಿಲೀಂಧ್ರದ ಮದ್ದು, ಆಂಟಿಬಯೋಟಿಕ್ ಮೂರನ್ನೂ ಬೆರೆಸಿದ ಕ್ರೀಮು. ಎರಡು ದಿನದಲ್ಲಿ ನವೆ ಅಡಗುತ್ತದೆ, ಅದಕ್ಕೇ ಎಲ್ಲರಿಗೂ ಅದರ ಮೇಲೆ ನಂಬಿಕೆ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಟ್ಟೊಡನೆ ನವೆ ಮರಳುತ್ತದೆ. ಒಣಗಿದ ಚರ್ಮ ಒಣಗಿದ ಹಾಗೇ ಇರುತ್ತದೆ. ಈ ಟ್ಯೂಬುಗಳು ಸೂಟ್‌ಕೇಸಿನಲ್ಲಿ ಬರದಿದ್ದರೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಜನವರಿಯಲ್ಲಿ ಆ ತಾಯಿಯ ಕಣಕಾಲಿನ ಚರ್ಮ ಬೇಸಿಗೆಯ ಕೆರೆಯ ತಳದಂತೆ ಸಣ್ಣ ಸಣ್ಣ ತುಂಡುಗಳಾಗಿ ಬಿರಿಯುತ್ತದೆ, ಬಿರುಕಿನಲ್ಲಿ ಉರಿ. ಚರ್ಮವೈದ್ಯರು ಇದನ್ನು ಆಸ್ಟಿಯಾಟೋಟಿಕ್ ಎಕ್ಸಿಮಾ ಎನ್ನುತ್ತಾರೆ. ಒಣಗುವಿಕೆ ದಾಟಿ ಉರಿಯೂತಕ್ಕೆ ತಿರುಗಿದ ಹಂತ ಇದು. ಪುಸ್ತಕದ ಚಿತ್ರಗಳಲ್ಲಿ ಇದು ಬಿಳಿಯ ಚರ್ಮದ ಮೇಲೆ ಕೆಂಪು ಗೆರೆಗಳ ಬಲೆ. "ಕೆಂಪಗಿದೆಯಾ?" ಎಂದು ಫೋನಿನಲ್ಲಿ ನರ್ಸ್ ಕೇಳಿದರೆ ಮಗಳು "ಇಲ್ಲ" ಎನ್ನುತ್ತಾಳೆ, ಅದು ನಿಜವೂ ಹೌದು. ನಮ್ಮ ಬಣ್ಣದ ಚರ್ಮದಲ್ಲಿ ಆ ಕೆಂಪು ಗಾಢ ಕಂದಾಗಿ, ನೇರಳೆ ಛಾಯೆಯಾಗಿ ಕಾಣುತ್ತದೆ, ಕೆಲವೊಮ್ಮೆ ಬೂದಿಯ ಕೆಳಗೆ ಮುಚ್ಚಿಯೇ ಹೋಗಿರುತ್ತದೆ. ಕೇಳಬೇಕಾದ್ದು ಬಿರುಕಿದೆಯೇ, ಮುಟ್ಟಿದರೆ ಬಿಸಿಯಿದೆಯೇ, ನೀರು ತಾಗಿದರೆ ಉರಿಯುತ್ತದೆಯೇ ಎಂದು. ವೈದ್ಯರಿಗೆ ಫೋಟೋ ಕಳಿಸುವುದಾದರೆ ಹಗಲು ಬೆಳಕಿನಲ್ಲಿ, ಕ್ರೀಮು ಹಚ್ಚುವ ಮುಂಚೆ ತೆಗೆಯಿರಿ.

ವೈದ್ಯರು ಮಾಡಿದ್ದು ಹೆಚ್ಚೇನಿಲ್ಲ. ಬಿರಿದ ಜಾಗಕ್ಕೆ ಮಾತ್ರ, ಒಂದೆರಡು ವಾರದ ಮಟ್ಟಿಗೆ ಮಧ್ಯಮ ಬಲದ ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟರು. ಉಳಿದ ಚಿಕಿತ್ಸೆಯೆಲ್ಲ ಬಚ್ಚಲಿನದು.

ಇಲ್ಲಿ ಒಂದು ಮಾತು ಹೇಳಬೇಕು. ಅಮೆರಿಕದ ಎಷ್ಟೋ ಸಲಹೆಗಳು "ಚಳಿಗಾಲದಲ್ಲಿ ದಿನ ಬಿಟ್ಟು ದಿನ ಸ್ನಾನ ಮಾಡಿ" ಎಂದು ಶುರುವಾಗುತ್ತವೆ. ಪೂಜೆಗೆ ಮುಂಚೆ ಸ್ನಾನ ಮಾಡಿ ಅರವತ್ತು ವರ್ಷ ಕಳೆದವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ದಿನಾ ಸ್ನಾನ ಮಾಡಿಯೂ ಚರ್ಮ ಕಾಪಾಡಿಕೊಳ್ಳಬಹುದು. ಸ್ನಾನ ಚಿಕ್ಕದಾಗಿರಬೇಕು, ಸೋಪು ಕಡಿಮೆಯಾಗಬೇಕು, ಮೈ ಪೂರ್ತಿ ಒಣಗುವ ಮುಂಚೆ ಅದನ್ನು ಮುಚ್ಚಬೇಕು, ಅಷ್ಟೆ. ಸಂಜೆಯ ಎರಡನೆಯ ಸ್ನಾನವನ್ನು ಮಾತ್ರ ಬಿಡಲೇಬೇಕು. ಕೈಕಾಲು ಮುಖ ತೊಳೆದರೆ ಸಾಕು.

ಸೋಪಿನ ವಿಷಯ ಸ್ವಲ್ಪ ಬಿಡಿಸಿ ಹೇಳುವೆ, ಮನೆಗಳಲ್ಲಿ ಜಗಳ ಆಗುವುದು ಇಲ್ಲೇ. ಎಣ್ಣೆ ಮತ್ತು ಕ್ಷಾರ ಸೇರಿಸಿ ಮಾಡಿದ ಯಾವುದೇ ನಿಜವಾದ ಸೋಪು, ಮೈಸೂರು ಸ್ಯಾಂಡಲ್ ಇರಲಿ, ಬೇರೆ ದುಬಾರಿ ಸೋಪಿರಲಿ, ಕ್ಷಾರೀಯವೇ. ಅದರ ಪಿಎಚ್ 9ರಿಂದ 10. ಚರ್ಮದ ಮೇಲ್ಮೈಯದು 5ರ ಆಸುಪಾಸು, ಅಂದರೆ ಲಘು ಆಮ್ಲೀಯ. ಬೆವರಿ ಬರುವ ಬೇಸಿಗೆಯಲ್ಲಿ, ನಮ್ಮ ಊರಿನ ಹವೆಯಲ್ಲಿ ಈ ವ್ಯತ್ಯಾಸವನ್ನು ಚರ್ಮ ತಾನೇ ಸರಿಮಾಡಿಕೊಳ್ಳುತ್ತದೆ. ಒಣ ಗಾಳಿಯಲ್ಲಿ ಅದಕ್ಕೆ ಪುರಸೊತ್ತು ಸಿಗುವುದಿಲ್ಲ. ಹಾಗೆಂದು ಗಂಧದ ಸೋಪನ್ನು ಎಸೆಯಬೇಕಿಲ್ಲ. ಕಂಕುಳು, ತೊಡೆಸಂದು, ಪಾದ, ಈ ಮೂರು ಕಡೆ ಹಚ್ಚಿ. ಕಾಲು, ತೋಳು, ಬೆನ್ನು, ಹೊಟ್ಟೆಗೆ ಚಳಿಗಾಲದಲ್ಲಿ ನೀರೇ ಸಾಕು. ಹೀಟರ್ ಇರುವ ಮನೆಯಲ್ಲಿ ಕೂತವರ ಕಣಕಾಲಿಗೆ ಎಲ್ಲಿಂದ ಕೊಳೆ ಹತ್ತಬೇಕು? ಮೈಯೆಲ್ಲ ಏನಾದರೂ ಹಚ್ಚಲೇಬೇಕು ಅನ್ನುವವರಿಗೆ ಸೋಪಲ್ಲದ, ಸಿಂಡೆಟ್ ಎಂಬ ಬಗೆಯ ಬಾರುಗಳಿವೆ. ನೋಡಲು ಸೋಪಿನ ಹಾಗೇ ಇದ್ದರೂ ಅವುಗಳ ಪಿಎಚ್ ಚರ್ಮಕ್ಕೆ ಹತ್ತಿರ. ನೊರೆ ಕಡಿಮೆ, ತೊಳೆದ ಮೇಲೂ ಸ್ವಲ್ಪ ಜಾರಿದಂತೆ ಇರುತ್ತದೆ. ನಮ್ಮವರು ಅದನ್ನು "ಸೋಪು ಹೋಗಲೇ ಇಲ್ಲ" ಎಂದುಕೊಂಡು ಇನ್ನೂ ಐದು ನಿಮಿಷ ತೊಳೆಯುತ್ತಾರೆ.

"ಸೋಪ್ ಹಚ್ಚದೆ ಅದೆಂಥ ಸ್ನಾನನೇ?" ಎಂದು ಆ ತಾಯಿ ಕೇಳುತ್ತಾರೆ. "ಹದಿನೈದು ದಿನ ಕಾಲಿಗೆ ಮಾತ್ರ ಬಿಡಮ್ಮ, ಆಮೇಲೆ ನೀನೇ ಹೇಳು" ಎಂದು ಮಗಳು ರಾಜಿ ಮಾಡಿಕೊಳ್ಳುತ್ತಾಳೆ. ಹೀರೇಕಾಯಿ ನಾರು ಬೇಸಿಗೆಯವರೆಗೆ ಕಪಾಟು ಸೇರುತ್ತದೆ. ಕಡಲೆಹಿಟ್ಟು, ಸೀಗೆಪುಡಿ ಸೋಪಲ್ಲ, ಹಾಗಾಗಿ ಪರವಾಗಿಲ್ಲ ಎಂಬ ನಂಬಿಕೆಯೂ ಉಂಟು. ಅವೂ ಜಿಡ್ಡನ್ನು ತೆಗೆಯುವುದಕ್ಕೇ ಇರುವಂಥವು, ಒಣ ಕಾಲಿಗೆ ಬೇಡ.

ಇನ್ನು ಎಣ್ಣೆ ಸ್ನಾನ. ಮೊದಲು ಎಣ್ಣೆ, ಆಮೇಲೆ ಸೀಗೆ ಅಥವಾ ಸೋಪಿನಿಂದ ಅದನ್ನು ಪೂರ್ತಿ ತೆಗೆಯುವುದು ನಮ್ಮ ಕ್ರಮ. ತೆಗೆಯುವಾಗ ಎಣ್ಣೆಯ ಜೊತೆ ಚರ್ಮದ ಸ್ವಂತ ಜಿಡ್ಡೂ ಹೋಗುತ್ತದೆ. ಚಿಕಾಗೋದ ಚಳಿಗಾಲಕ್ಕೆ ಈ ಕ್ರಮವನ್ನು ತಿರುಗಿಸಿದರೆ ಅದೇ ಕೊಬ್ಬರಿ ಎಣ್ಣೆ ಮದ್ದಾಗುತ್ತದೆ. ಸ್ನಾನ ಮೊದಲು, ಒದ್ದೆ ಮೈಗೆ ಎಣ್ಣೆ ಆಮೇಲೆ. ಕೊಬ್ಬರಿ ಎಣ್ಣೆ ಬರೀ ಅಜ್ಜಿಯ ಮಾತಲ್ಲ. ಫಿಲಿಪೀನ್ಸ್‌ನ ಇಬ್ಬರು ಚರ್ಮವೈದ್ಯೆಯರು 2004ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ ಸಾಧಾರಣ ಒಣ ಚರ್ಮಕ್ಕೆ ಅದು ಖನಿಜ ಎಣ್ಣೆಯಷ್ಟೇ ಚೆನ್ನಾಗಿ ಕೆಲಸ ಮಾಡಿತು. ಸಾಧಾರಣ ಒಣಗುವಿಕೆ ಎಂಬುದನ್ನು ಮಾತ್ರ ಮರೆಯಬಾರದು. ಬಿರಿದ ಚರ್ಮಕ್ಕೆ ಅದೊಂದೇ ಸಾಲದು. ಉತ್ತರ ಭಾರತದ ಗೆಳೆಯರು ಕೊಡುವ ಸಾಸಿವೆ ಎಣ್ಣೆ, ಅಲ್ಲಿನ ಅಂಗಡಿಯ ಆಲಿವ್ ಎಣ್ಣೆ ಈ ಕೆಲಸಕ್ಕೆ ಬೇಡ. ಇವೆರಡೂ ಚರ್ಮದ ತಡೆಯನ್ನು ಇನ್ನಷ್ಟು ದುರ್ಬಲ ಮಾಡಬಲ್ಲವು. ಎಣ್ಣೆಯೇ ಬೇಕೆಂದರೆ ಸೂರ್ಯಕಾಂತಿ ವಾಸಿ. ಇನ್ನೊಂದು ಎಚ್ಚರ: ಎಣ್ಣೆ ಬಿದ್ದ ಟಬ್ಬಿನಲ್ಲಿ ಕಾಲು ಜಾರಿದರೆ ನವೆಯ ಚಿಂತೆ ಹೋಗಿ ಸೊಂಟದ ಮೂಳೆಯ ಚಿಂತೆ ಬರುತ್ತದೆ. ಟಬ್ಬಿನಿಂದ ಹೊರಗೆ ಬಂದು, ಕೂತು ಹಚ್ಚಿಕೊಳ್ಳಬೇಕು.

ಈಗ ಆ ತಾಯಿಯ ಹೊಸ ಕ್ರಮ ನೋಡಿ. ಒಂದು ಬಕೆಟ್ಟು ನೀರು, ಮೊಣಕೈ ಅದ್ದಿದರೆ ಬೆಚ್ಚಗೆ ಅನ್ನಿಸುವಷ್ಟು ಮಾತ್ರ. ಬಚ್ಚಲ ಕನ್ನಡಿ ಪೂರ್ತಿ ಮಂಜಾಗುತ್ತಿದೆ ಎಂದರೆ ನೀರು ಹದಕ್ಕಿಂತ ಬಿಸಿಯಿದೆ. ಹತ್ತು ನಿಮಿಷದೊಳಗೆ ಮುಗಿಸಿ, ಟವೆಲಿನಿಂದ ತಿಕ್ಕದೆ ಒತ್ತಿ ಒತ್ತಿ ನೀರು ತೆಗೆದು, ಮೈ ಇನ್ನೂ ಸ್ವಲ್ಪ ತೇವ ಇರುವಾಗಲೇ, ಬಚ್ಚಲ ಬಾಗಿಲು ತೆಗೆಯುವ ಮುಂಚೆಯೇ ಕ್ರೀಮು. ಬಾಗಿಲು ತೆಗೆಯುವ ಮುಂಚೆ ಎನ್ನುವುದಕ್ಕೆ ಕಾರಣವಿದೆ. ಒಳಗೆ ಹಬೆಯಿದೆ, ಚರ್ಮಕ್ಕೆ ಹೀರಿಕೊಂಡ ನೀರಿದೆ. ಹೊರಗಿನ ಒಣ ಗಾಳಿಗೆ ಬಂದು ಸೀರೆ ಉಟ್ಟು, ಪೂಜೆ ಮುಗಿಸಿ, ಕಾಫಿ ಕುಡಿದು ಆಮೇಲೆ ಹಚ್ಚಿದರೆ ಆ ನೀರು ಆಗಲೇ ಹಾರಿಹೋಗಿರುತ್ತದೆ. ಒಣಗಿದ ಚರ್ಮದ ಮೇಲೆ ಮುಚ್ಚಳ ಹಾಕಿದರೆ ಒಳಗೆ ಹಿಡಿದಿಡುವುದಕ್ಕೆ ಏನು ಉಳಿದಿರುತ್ತದೆ?

ಯಾವ ಕ್ರೀಮು ಎಂಬ ಪ್ರಶ್ನೆಗೆ ಬ್ರ್ಯಾಂಡಿಗಿಂತ ಬಗೆ ಮುಖ್ಯ. ಮಾಯಿಶ್ಚರೈಸರ್ ಎಂದು ಮಾರುವ ವಸ್ತುಗಳಲ್ಲಿ ಮೂರು ಕೆಲಸದ ಪದಾರ್ಥಗಳಿರುತ್ತವೆ. ನೀರನ್ನು ಎಳೆದು ಹಿಡಿಯುವ ಗ್ಲಿಸರಿನ್, ಯೂರಿಯಾದಂಥವು ಒಂದು. ಕೋಶಗಳ ಸಂದಿ ತುಂಬುವ ಸೆರಮೈಡ್ ಮತ್ತು ಬೇರೆ ಕೊಬ್ಬುಗಳು ಇನ್ನೊಂದು. ಮೇಲೆ ಮುಚ್ಚಳದಂತೆ ಕೂರುವ ಪೆಟ್ರೋಲೇಟಮ್, ಅಂದರೆ ನಮ್ಮ ವ್ಯಾಸಲೀನ್, ಮತ್ತು ಡೈಮೆಥಿಕೋನ್ ಮೂರನೆಯದು. ಪಂಪ್ ಒತ್ತಿದರೆ ಸುರಿಯುವ ಲೋಷನ್‌ನಲ್ಲಿ ಬಹುಪಾಲು ನೀರೇ. ಬೆಂಗಳೂರಿನ ಡಿಸೆಂಬರಿಗೆ ಅದು ಸರಿ, ಚಿಕಾಗೋದ ಜನವರಿಗೆ ಸಾಲದು. ಅಲ್ಲಿಗೆ ಬೇಕಾದ್ದು ಡಬ್ಬಿಯನ್ನು ಬೋರಲು ಹಾಕಿದರೂ ಬೀಳದ ಗಟ್ಟಿ ಕ್ರೀಮು. ಬಿರಿದ ಜಾಗಕ್ಕೆ, ಹಿಮ್ಮಡಿಗೆ, ರಾತ್ರಿಯ ಹೊತ್ತಿಗೆ ವ್ಯಾಸಲೀನಿನಂಥ ಮುಲಾಮು. ಆವಿ ತಡೆಯುವುದರಲ್ಲಿ ಸಾದಾ ವ್ಯಾಸಲೀನನ್ನು ಮೀರಿಸುವ ವಸ್ತು ಸಿಗುವುದು ಕಷ್ಟ. 1872ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದದ್ದು ಇಂದಿಗೂ ಅಂಗಡಿಯ ಅತಿ ಅಗ್ಗದ ಡಬ್ಬಿಗಳಲ್ಲಿ ಒಂದು. ಅಂಟಂಟು ಎಂಬುದೊಂದೇ ಅದರ ಮೇಲಿನ ದೂರು. ಅದರಲ್ಲಿ ನೀರಿಲ್ಲ, ನೀರನ್ನು ಎಳೆಯುವ ಗುಣವೂ ಇಲ್ಲ, ಆದ್ದರಿಂದ ತೇವ ಚರ್ಮದ ಮೇಲೆ ಅಥವಾ ಕ್ರೀಮಿನ ಮೇಲೆ ಹಚ್ಚಬೇಕು.

ಯೂರಿಯಾ ಎಂದರೆ ನಮಗೆ ಗದ್ದೆಗೆ ಹಾಕುವ ಗೊಬ್ಬರ ನೆನಪಾಗುತ್ತದೆ. ಅದೇ ರಾಸಾಯನಿಕ ಚರ್ಮದಲ್ಲೂ ಸಹಜವಾಗಿ ಇದೆ. ಶೇ 5ರಿಂದ 10ರಷ್ಟು ಯೂರಿಯಾ ಇರುವ ಕ್ರೀಮು ಹೊಟ್ಟು ಏಳುವ ಕಾಲಿಗೆ, ಗಟ್ಟಿಯಾದ ಪಾದಕ್ಕೆ ತುಂಬ ಒಳ್ಳೆಯದು. ಬಿರಿದ, ಕೆರೆದು ಗಾಯವಾದ ಚರ್ಮಕ್ಕೆ ಹಚ್ಚಿದರೆ ಮಾತ್ರ ಜೀವ ಹೋಗುವಷ್ಟು ಉರಿಯುತ್ತದೆ. ಮೊದಲು ಬಿರುಕು ಮಾಗಬೇಕು. ಪರಿಮಳದ ಕ್ರೀಮು ಬೇಡ, ಬಿರುಕಿನೊಳಗೆ ಇಳಿದ ಸುಗಂಧದಿಂದ ಹೊಸ ಅಲರ್ಜಿ ಶುರುವಾಗಬಹುದು. ಡಬ್ಬಿಯ ಮೇಲೆ 'ಫ್ರ್ಯಾಗ್ರೆನ್ಸ್ ಫ್ರೀ' ಎಂದಿರಬೇಕು. 'ಅನ್‌ಸೆಂಟೆಡ್' ಎಂದಿದ್ದರೆ ವಾಸನೆ ಮರೆಸಲು ಬೇರೆ ಸುಗಂಧ ಸೇರಿಸಿರುವ ಸಾಧ್ಯತೆಯಿದೆ.

ಎಷ್ಟು ಹಚ್ಚಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ, ಹೆಚ್ಚಿನವರು ಸೋಲುವುದು ಅಲ್ಲೇ. ವೈದ್ಯರು ಬಳಸುವ ಅಳತೆ ಬೆರಳತುದಿಯದು. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈ ಅಗಲದ ಜಾಗಕ್ಕೆ ಸಾಕಾಗುವಷ್ಟು. ಈ ಲೆಕ್ಕದಲ್ಲಿ ಮೊಣಕಾಲಿನಿಂದ ಕೆಳಗೆ ಎರಡೂ ಕಾಲಿಗೆ, ಎರಡೂ ತೋಳಿಗೆ ಸೇರಿ ಹೆಚ್ಚುಕಡಿಮೆ ಹನ್ನೆರಡು ಬೆರಳತುದಿ, ಅಂದರೆ 6 ಗ್ರಾಂ ಬೇಕು. ದಿನಕ್ಕೆ ಎರಡು ಸಲ ಹಚ್ಚಿದರೆ 12 ಗ್ರಾಂ. ಅಮೆರಿಕದ ಅಂಗಡಿಗಳಲ್ಲಿ ಸಿಗುವ 450 ಗ್ರಾಮಿನ ದೊಡ್ಡ ಡಬ್ಬಿ ಒಬ್ಬರಿಗೆ ಐದು ವಾರ ಬರುತ್ತದೆ. ಅದೂ ಕೈಕಾಲಿಗೆ ಮಾತ್ರ. ಮೈಗೆಲ್ಲ ಹಚ್ಚಿದರೆ ಒಂದು ಸಲಕ್ಕೇ 20 ಗ್ರಾಂ ಖರ್ಚು. ಹಾಗಾಗಿ ದಸರೆಗೆ ಕೊಂಡ ಡಬ್ಬಿ ಯುಗಾದಿಗೂ ಉಳಿದಿದೆ ಎಂದು ಯಾರಾದರೂ ಹೆಮ್ಮೆಪಟ್ಟರೆ ಅವರ ಕಾಲನ್ನೊಮ್ಮೆ ನೋಡಿ. ಸಣ್ಣ ದುಬಾರಿ ಟ್ಯೂಬನ್ನು ಜಿಪುಣತನದಿಂದ ಹಚ್ಚುವುದಕ್ಕಿಂತ ಅಗ್ಗದ ದೊಡ್ಡ ಡಬ್ಬಿಯನ್ನು ಧಾರಾಳವಾಗಿ ಹಚ್ಚುವುದು ಮೇಲು.

ಇಷ್ಟೆಲ್ಲ ಮಾಡಿದ ಮೇಲೆ ಆ ತಾಯಿಗೆ ಏನಾಗುತ್ತದೆ? ರಾತ್ರಿಯ ನವೆ ಮೊದಲ ಕೆಲವು ದಿನಗಳಲ್ಲೇ ಇಳಿಯುತ್ತದೆ, ಬಿರುಕು ಒಂದೆರಡು ವಾರದಲ್ಲಿ ಕೂಡಿಕೊಳ್ಳುತ್ತದೆ. ಸ್ಟೀರಾಯ್ಡ್ ನಿಲ್ಲಿಸಿ ಕ್ರೀಮನ್ನು ಮುಂದುವರಿಸಬೇಕು. ಜನ ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೇ ನಿಲ್ಲಿಸುತ್ತಾರೆ, ಹತ್ತು ದಿನದಲ್ಲಿ ಮತ್ತೆ ಮೊದಲಿನ ಸ್ಥಿತಿ. ಕೆರೆದ ಕಡೆ ಉಳಿದ ಕಪ್ಪು ಕಲೆಗಳು ನಮ್ಮ ಚರ್ಮದಲ್ಲಿ ತಿಂಗಳುಗಟ್ಟಲೆ ಇರುತ್ತವೆ, ಅವು ತಾವಾಗಿಯೇ ತಿಳಿಯಾಗಬೇಕು. ಅದಕ್ಕೆಂದು ಬಿಳಿಚಿಸುವ ಕ್ರೀಮು ಹಚ್ಚಲು ಹೋಗಬಾರದು.

ಮನೆಯ ಗಾಳಿಗೂ ಒಂದಿಷ್ಟು ಮಾಡಬಹುದು. ತೇವಾಂಶ ತೋರಿಸುವ ಸಣ್ಣ ಯಂತ್ರ ಅಗ್ಗಕ್ಕೆ ಸಿಗುತ್ತದೆ, ಮೊದಲು ಅದನ್ನು ಕೊಳ್ಳಿ. ಶೇ 30ರಿಂದ 40ರ ನಡುವೆ ಇದ್ದರೆ ಚೆನ್ನ. ಮಲಗುವ ಕೋಣೆಯಲ್ಲಿ ಹ್ಯುಮಿಡಿಫೈಯರ್ ಇಟ್ಟರೆ ಅಲ್ಲಿಗೆ ತಲುಪಬಹುದು, ಅದನ್ನು ಆಗಾಗ ತೊಳೆಯದಿದ್ದರೆ ಬೂಷ್ಟು ಹಿಡಿದ ನೀರನ್ನೇ ಉಸಿರಾಡುತ್ತೀರಿ. ಕಿಟಕಿ ಗಾಜಿನ ಒಳಗಡೆ ನೀರು ಇಳಿಯುತ್ತಿದ್ದರೆ ತೇವ ಹೆಚ್ಚಾಯಿತು ಎಂದು ತಿಳಿದು ಕಡಿಮೆ ಮಾಡಿ. ಎಲ್ಲಕ್ಕಿಂತ ಸುಲಭ ಉಪಾಯ ಥರ್ಮೋಸ್ಟಾಟನ್ನು ಎರಡು ಡಿಗ್ರಿ ಇಳಿಸಿ ಇನ್ನೊಂದು ಹತ್ತಿಯ ಅಂಗಿ ತೊಡುವುದು. ಉಣ್ಣೆ ನೇರವಾಗಿ ಮೈಗೆ ತಾಗಬಾರದು. ಹೆಚ್ಚು ನೀರು ಕುಡಿದರೆ, ತುಪ್ಪ ತಿಂದರೆ ಕಣಕಾಲು ನುಣುಪಾಗುತ್ತದೆಂಬುದು ನಿಜವಲ್ಲ. ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ, ತುಪ್ಪವನ್ನು ರುಚಿಗೆ ತಿನ್ನಿ.

ಲಂಡನ್ನಿಗೆ ಹೋದವರ ಕಥೆ ಸ್ವಲ್ಪ ಬೇರೆ. ಅಲ್ಲಿ ಚಳಿ ಅಷ್ಟು ಕಡಿದಲ್ಲ, ಗಾಳಿ ಅಷ್ಟು ಒಣಗಿಯೂ ಇಲ್ಲ. ಹಳೆಯ ಮನೆಗಳಲ್ಲಿ ಗೋಡೆಗೆ ಬೂಷ್ಟು ಹತ್ತುವುದೇ ಹೆಚ್ಚು, ಹ್ಯುಮಿಡಿಫೈಯರ್ ತಂದರೆ ಕೆಡುತ್ತದೆ. ಅಲ್ಲಿನ ತೊಂದರೆ ಗಡಸು ನೀರು. ಅದರ ಸುಣ್ಣದಂಶ ಸೋಪಿನ ಜೊತೆ ಸೇರಿ ಕರಗದ ಅಂಟಾಗಿ ಚರ್ಮದ ಮೇಲೆ ಉಳಿಯುತ್ತದೆ. ಅಲ್ಲಿಯೂ ಸೋಪು ಕಡಿಮೆ ಮಾಡುವುದೇ ದಾರಿ. ಅಲ್ಲಿ ಬಹುಕಾಲ ಜನಪ್ರಿಯವಾಗಿದ್ದ ಅಕ್ವಿಯಸ್ ಕ್ರೀಮ್ ಎಂಬುದರಲ್ಲಿ ನೊರೆ ಬರಿಸುವ ರಾಸಾಯನಿಕ ಇರುವುದರಿಂದ ಉರಿ, ಕೆಂಪು ಬರಬಹುದೆಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಎಚ್ಚರಿಸಿತು. ಹಚ್ಚಿ ಬಿಡುವುದಕ್ಕೆ ಅದು ತಕ್ಕದ್ದಲ್ಲ.

ಎಲ್ಲ ನವೆಯೂ ಚಳಿಯದಲ್ಲ. ಒಂದೇ ಕೋಣೆಯಲ್ಲಿರುವ ನಾಲ್ಕು ವಿದ್ಯಾರ್ಥಿಗಳಿಗೂ ರಾತ್ರಿ ನವೆ, ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆ ಎಂದರೆ ಅದು ಕಜ್ಜಿ. ಎಷ್ಟು ಕ್ರೀಮು ಹಚ್ಚಿದರೂ ಹೋಗದು, ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಚರ್ಮದಲ್ಲಿ ಒಣಗುವಿಕೆಯೇ ಇಲ್ಲದೆ ಮೈಯೆಲ್ಲ ನವೆಯಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಕಣ್ಣು ಹಳದಿಯಾಗಿದ್ದರೆ ರಕ್ತಪರೀಕ್ಷೆ ಬೇಕು. ಥೈರಾಯ್ಡ್, ಮೂತ್ರಪಿಂಡ, ಯಕೃತ್ತು, ಕಬ್ಬಿಣಾಂಶದ ಕೊರತೆ ಎಲ್ಲವೂ ನವೆ ತರಬಲ್ಲವು. ಬಸುರಿಗೆ ಗುಳ್ಳೆಯಿಲ್ಲದೆ ಅಂಗೈ ಅಂಗಾಲು ನವೆಯಾದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಬೇಕು. ಯಕೃತ್ತಿಗೆ ಸಂಬಂಧಿಸಿದ, ಮಗುವಿಗೆ ಅಪಾಯ ತರಬಹುದಾದ ತೊಂದರೆ ಅದಾಗಿರಬಹುದು. ಮಧುಮೇಹ ಇರುವವರ ಪಾದದ ಬಿರುಕಿನಲ್ಲಿ ಕೀವು, ಊತ ಕಂಡರೂ ಕಾಯಬಾರದು.

ನಮ್ಮ ಮನೆಗಳಿಗೆಂದೇ ಹೇಳಬೇಕಾದ ಒಂದು ಎಚ್ಚರಿಕೆ ಉಳಿದಿದೆ. ಕ್ರೀಮು, ವ್ಯಾಸಲೀನ್, ಎಣ್ಣೆ ದಿನಾ ಹಚ್ಚಿದರೆ ಅವು ಸೀರೆ, ಪಂಚೆ, ರಜಾಯಿಗೆ ಹತ್ತಿ ಒಳಗೆ ಇಳಿಯುತ್ತವೆ. ಒಗೆದರೂ ಪೂರ್ತಿ ಹೋಗುವುದಿಲ್ಲ. ಅಂಥ ಬಟ್ಟೆಗೆ ಕಿಡಿ ತಾಗಿದರೆ ಬೆಂಕಿ ಮಾಮೂಲಿಗಿಂತ ಬೇಗ ಹಬ್ಬುತ್ತದೆ. ಬ್ರಿಟನ್ನಿನ ಅದೇ ಸಂಸ್ಥೆ 2018ರಲ್ಲಿ ಈ ಬಗ್ಗೆ ಎಚ್ಚರಿಕೆಯನ್ನು ಎಲ್ಲ ಬಗೆಯ ಕ್ರೀಮು ಮುಲಾಮುಗಳಿಗೂ ವಿಸ್ತರಿಸಿತು. ಅವರ ಮನಸ್ಸಿನಲ್ಲಿದ್ದದ್ದು ಹೆಚ್ಚಾಗಿ ಸಿಗರೇಟು. ನಮ್ಮಲ್ಲಿ ಅದು ದೇವರ ಮುಂದಿನ ದೀಪ, ಗ್ಯಾಸಿನ ಒಲೆ. ಸ್ನಾನವಾದೊಡನೆ ಕ್ರೀಮು ಹಚ್ಚಿ ನೇರ ದೀಪದ ಮುಂದೆ ಕೂರುವವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಆರತಿ ಎತ್ತುವ ಮುಂಚೆ ಕೈಯನ್ನು ಒಂದು ಬಟ್ಟೆಗೆ ಒರೆಸಿಕೊಳ್ಳಿ. ಆ ಬಟ್ಟೆಯನ್ನು ಒಲೆಯ ಹತ್ತಿರ ಇಡಬೇಡಿ.